ತಿಂಗಳ ಸಂಬಳ ಇಲ್ಲದವರ ಲೆಕ್ಕದ ಪುಸ್ತಕ

ನೀವು 60,000 ರೂಪಾಯಿಗೆ ಬಿಲ್ ಕಳಿಸಿದ್ದಿರಿ. ಒಂದೂವರೆ ತಿಂಗಳಾದ ಮೇಲೆ ಬ್ಯಾಂಕಿಗೆ 54,000 ಬಂತು. ಆ ತಿಂಗಳ ನಿಮ್ಮ ಆದಾಯ ಎಷ್ಟು? ಸ್ವತಂತ್ರವಾಗಿ ದುಡಿಯುವ ಹತ್ತು ಮಂದಿಯನ್ನು ಕೇಳಿದರೆ ಹೆಚ್ಚಿನವರು ಫೋನು ತೆಗೆದು ಬ್ಯಾಂಕ್ ಮೆಸೇಜು ನೋಡಿ 54,000 ಎನ್ನುತ್ತಾರೆ. ತೆರಿಗೆ ಇಲಾಖೆಯ ಕಡತದಲ್ಲಿ ಅದು 60,000. ಕಡಿತವಾದ 6,000 ಎಲ್ಲೂ ಕಳೆದುಹೋಗಿಲ್ಲ. ಟಿಡಿಎಸ್ ಎಂಬ ಹೆಸರಿನಲ್ಲಿ ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗಿ ಕೂತಿದೆ, ಅಥವಾ ಕೂತಿರಬೇಕು. ಈ 'ಕೂತಿರಬೇಕು' ಎನ್ನುವುದನ್ನು ಖಾತ್ರಿ ಮಾಡಿಕೊಳ್ಳುವುದೇ ಫ್ರೀಲ್ಯಾನ್ಸರ್‌ನ ಲೆಕ್ಕದ ಅರ್ಧ ಕೆಲಸ. ಇನ್ನರ್ಧ, ಕೈಗೆ ಬಂದ 54,000ದಲ್ಲಿ ಮನೆಗೆ ಎಷ್ಟು, ಸರ್ಕಾರಕ್ಕೆ ಎಷ್ಟು, ಮುಂದಿನ ಖಾಲಿ ತಿಂಗಳಿಗೆ ಎಷ್ಟು ಎಂದು ಅವತ್ತೇ ಬೇರೆ ಮಾಡುವುದು.

ಮಾತು ಗಾಳಿಯಲ್ಲಿ ಹೋಗದಿರಲಿ ಎಂದು ಲೆಕ್ಕಕ್ಕಾಗಿ ಒಬ್ಬರನ್ನು ಕಲ್ಪಿಸಿಕೊಳ್ಳೋಣ. ಮೈಸೂರಿನಲ್ಲಿ ಬಾಡಿಗೆ ಮನೆಯಿಂದಲೇ ಕೆಲಸ ಮಾಡುವ ಅನುವಾದಕಿ. ಬೆಂಗಳೂರಿನ ಜಾಹೀರಾತು ಕಂಪನಿಯೊಂದಕ್ಕೆ ಕನ್ನಡ ಬರಹ, ಒಂದು ಪ್ರಕಾಶನ ಸಂಸ್ಥೆಗೆ ಪುಸ್ತಕಾನುವಾದ, ಹೊರದೇಶದ ಏಜೆನ್ಸಿಗೆ ಸಬ್‌ಟೈಟಲ್, ಜೊತೆಗೆ ಆಗೀಗ ಬರುವ ಬಿಡಿ ಕೆಲಸಗಳು. 2025–26ರ ಹಣಕಾಸು ವರ್ಷದಲ್ಲಿ ಅವರಿಗೆ ಹಣ ಬಂದದ್ದು ಹೀಗೆ: ಏಪ್ರಿಲ್‌ನಲ್ಲಿ 62,000, ಮೇ ತಿಂಗಳು ಸೊನ್ನೆ, ಜೂನ್‌ನಲ್ಲಿ 48,000. ಮಳೆಗಾಲದ ಮೂರು ತಿಂಗಳು ಸೇರಿ 3,20,000. ದಸರಾ, ದೀಪಾವಳಿಯ ಜಾಹೀರಾತುಗಳ ದುಡ್ಡು ಬಂದ ಅಕ್ಟೋಬರ್ ಒಂದರಲ್ಲೇ 2,60,000; ನವೆಂಬರ್‌ನಲ್ಲಿ 1,30,000, ಆದರೆ ಡಿಸೆಂಬರ್‌ನಲ್ಲಿ ಬರೀ 20,000. ಕೊನೆಯ ಮೂರು ತಿಂಗಳಲ್ಲಿ 6,60,000. ಒಟ್ಟು 15 ಲಕ್ಷ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 1,25,000. ಆದರೆ ವರ್ಷದ ಹೆಚ್ಚಿನ ತಿಂಗಳುಗಳು ಆ ಸರಾಸರಿಯ ಹಾಗೆ ಇರಲಿಲ್ಲ.

ಒಂದು ಬಿಲ್ಲಿಗೆ ಒಂದು ಸಾಲು

ಇದಕ್ಕೆ ದುಬಾರಿ ಸಾಫ್ಟ್‌ವೇರ್ ಏನೂ ಬೇಡ. ಎಕ್ಸೆಲ್ ಅಥವಾ ಗೂಗಲ್ ಶೀಟ್ ಸಾಕು. ಉದ್ದ ಗೆರೆಯ ನೋಟ್‌ಬುಕ್ಕೂ ನಡೆಯುತ್ತದೆ. ಬಿಲ್ ದಿನಾಂಕ, ಬಿಲ್ ಸಂಖ್ಯೆ, ಗಿರಾಕಿಯ ಹೆಸರು, ಬಿಲ್ಲಿನ ಪೂರ್ತಿ ಮೊತ್ತ, ಟಿಡಿಎಸ್, ಬ್ಯಾಂಕಿಗೆ ಬಂದದ್ದು, ಬಂದ ದಿನಾಂಕ: ಇಷ್ಟು ಅಂಕಣಗಳು. ಶೀಟಿನಲ್ಲಿ ಇವು A ಯಿಂದ G ವರೆಗೆ ಇದ್ದರೆ ಎಂಟನೆಯ ಅಂಕಣಕ್ಕೆ ಈ ಸೂತ್ರ ಹಾಕಿ.

```
=D2-E2-F2
```

ಬಿಲ್ ಕಳಿಸಿದ ದಿನ ಇಲ್ಲಿ ಪೂರ್ತಿ ಮೊತ್ತ ಕಾಣುತ್ತದೆ, ಅಂದರೆ ಅಷ್ಟೂ ಬಾಕಿ. ಹಣ ಬಂದು ಟಿಡಿಎಸ್ ಬರೆದ ಮೇಲೆ ಸೊನ್ನೆಯಾಗಬೇಕು. ಆಗದೆ ಸಾವಿರ, ಎರಡು ಸಾವಿರ ಉಳಿದರೆ ಕಾರಣ ಹುಡುಕಬೇಕು. ಹೆಚ್ಚಿನ ಸಲ ಸಿಗುವುದು ಇವೆರಡರಲ್ಲಿ ಒಂದು. ಹೊರದೇಶದಿಂದ ಬಂದ ಹಣದಲ್ಲಿ ಬ್ಯಾಂಕು ಅಥವಾ ಪಾವತಿ ಸಂಸ್ಥೆ ತನ್ನ ಶುಲ್ಕ ಹಿಡಿದುಕೊಂಡಿರುತ್ತದೆ. ಇಲ್ಲವೇ ಗಿರಾಕಿಯ ಲೆಕ್ಕಪತ್ರದವರು ನಿಮ್ಮನ್ನು ಕೇಳದೆ ಏನನ್ನೋ ಕಡಿದಿರುತ್ತಾರೆ. ಮೊದಲನೆಯದಾದರೆ D ಅಂಕಣದಲ್ಲಿ ಪೂರ್ತಿ ಮೊತ್ತವನ್ನೇ ಉಳಿಸಿ, ಶುಲ್ಕವನ್ನು ಖರ್ಚಿನ ಹಾಳೆಗೆ ಹಾಕಿ. ಎರಡನೆಯದಾದರೆ ಬಿಲ್ ಸಂಖ್ಯೆ ಹೇಳಿ ಅವತ್ತೇ ಒಂದು ಇಮೇಲ್ ಕಳಿಸಿ. ಆರು ತಿಂಗಳು ಬಿಟ್ಟು ಕೇಳಿದರೆ ಅಲ್ಲಿ ಉತ್ತರ ಕೊಡುವವರೇ ಬದಲಾಗಿರುತ್ತಾರೆ.

ಬಿಲ್ ದಿನಾಂಕ, ಹಣ ಬಂದ ದಿನಾಂಕ ಎರಡೂ ಬೇಕಾಗುವುದಕ್ಕೆ ಇನ್ನೊಂದು ಕಾರಣವಿದೆ. ಆದಾಯವನ್ನು ಬಿಲ್ ಮಾಡಿದ ವರ್ಷಕ್ಕೆ ಸೇರಿಸಬೇಕೋ, ಹಣ ಕೈಸೇರಿದ ವರ್ಷಕ್ಕೋ ಎನ್ನುವುದನ್ನು ನೀವೇ ಆಯ್ದುಕೊಳ್ಳಬಹುದು. ಆಯ್ದ ಮೇಲೆ ಪ್ರತಿವರ್ಷ ಅದೇ ಪದ್ಧತಿ ನಡೆಯಬೇಕು. ಬಿಲ್ ಕೊಟ್ಟು ಮೂರು ತಿಂಗಳು ಕಾಯುವ ನಮ್ಮಂಥ ಕಸುಬುಗಳಿಗೆ ಹಣ ಬಂದಾಗ ಆದಾಯ ಎನ್ನುವ ನಗದು ಪದ್ಧತಿಯೇ ಒಗ್ಗುತ್ತದೆ ಎಂದು ನನ್ನ ಅಭಿಪ್ರಾಯ. ಬಾರದ ಹಣಕ್ಕೆ ತೆರಿಗೆ ಕಟ್ಟುವ ಸಂಕಟ ಇರುವುದಿಲ್ಲ. ಮೇಲೆ ಹೇಳಿದ 15 ಲಕ್ಷವೂ ಹೀಗೆ ಕೈಸೇರಿದ ಲೆಕ್ಕವೇ, ಟಿಡಿಎಸ್ ಸೇರಿಸಿ.

ಟಿಡಿಎಸ್ ನಿಜವಾಗಿ ಜಮೆಯಾಯಿತೇ

ಒಂದು ಕಂಪನಿ ವರ್ಷಕ್ಕೆ 50,000 ರೂಪಾಯಿಗಿಂತ ಹೆಚ್ಚು ವೃತ್ತಿ ಶುಲ್ಕ ಕೊಟ್ಟರೆ ಶೇ 10ರಷ್ಟನ್ನು ಮೊದಲೇ ಕಡಿಯಬೇಕು. 2025ರ ಮಾರ್ಚ್‌ವರೆಗೆ ಈ ಮಿತಿ 30,000 ಇತ್ತು. ಪ್ಯಾನ್ ಕೊಡದಿದ್ದರೆ ಶೇ 20 ಹೋಗುತ್ತದೆ. ನಮ್ಮ ಅನುವಾದಕಿಯ ಗಿರಾಕಿಗಳಲ್ಲಿ ಟಿಡಿಎಸ್ ಕಡಿದವರು ಜಾಹೀರಾತು ಕಂಪನಿ ಮತ್ತು ಪ್ರಕಾಶನ ಸಂಸ್ಥೆ ಮಾತ್ರ. ಇವರಿಬ್ಬರಿಂದ 4 ಲಕ್ಷದ ಬಿಲ್ಲು, 40,000 ಟಿಡಿಎಸ್. ಹೊರದೇಶದ ಏಜೆನ್ಸಿಯ 7 ಲಕ್ಷ ಮತ್ತು ಸಣ್ಣಪುಟ್ಟ ಗಿರಾಕಿಗಳ 4 ಲಕ್ಷ ಕಡಿತವಿಲ್ಲದೆ ಬಂತು.

ಕಡಿದ ಹಣವನ್ನು ಕಂಪನಿ ಸರ್ಕಾರಕ್ಕೆ ಕಟ್ಟಿ, ಮೂರು ತಿಂಗಳಿಗೊಮ್ಮೆ ಯಾರ ಪ್ಯಾನ್‌ಗೆ ಎಷ್ಟು ಎಂಬ ಪಟ್ಟಿ ಸಲ್ಲಿಸಬೇಕು. ಏಪ್ರಿಲ್‌ನಿಂದ ಜೂನ್‌ವರೆಗಿನ ಪಟ್ಟಿಗೆ ಜುಲೈ 31 ಕೊನೆಯ ದಿನ. ಆಮೇಲಿನವಕ್ಕೆ ಅಕ್ಟೋಬರ್ 31, ಜನವರಿ 31, ಕೊನೆಯದಕ್ಕೆ ಮೇ 31. ಆದ್ದರಿಂದ ಆಗಸ್ಟ್, ನವೆಂಬರ್, ಫೆಬ್ರವರಿ, ಜೂನ್ ತಿಂಗಳ ಮಧ್ಯದಲ್ಲಿ ಒಮ್ಮೊಮ್ಮೆ incometax.gov.in ತಾಣಕ್ಕೆ ಹೋಗಿ 26ಎಎಸ್ ಪಟ್ಟಿ ಇಳಿಸಿಕೊಂಡು ನಿಮ್ಮ E ಅಂಕಣದ ಮೊತ್ತದ ಪಕ್ಕದಲ್ಲಿಟ್ಟು ನೋಡಿ. ಅದಕ್ಕೂ ಮೊದಲು ನೋಡಿ 'ಇಲ್ಲ' ಎಂದು ಗಾಬರಿಯಾಗಬೇಡಿ, ಪಟ್ಟಿ ಇನ್ನೂ ಹೋಗಿರುವುದಿಲ್ಲ. ಮಧ್ಯ ತಿಂಗಳಾದರೂ ಕಾಣದಿದ್ದರೆ ಪ್ಯಾನ್‌ನಲ್ಲಿ ಒಂದು ಅಕ್ಷರ ತಪ್ಪಿರಬಹುದು, ಕಂಪನಿ ಪಟ್ಟಿ ತಡ ಮಾಡಿರಬಹುದು, ಕಡಿದ ಹಣವನ್ನು ಕಟ್ಟದೆಯೂ ಇರಬಹುದು. ಪ್ಯಾನ್ ತಪ್ಪಿದ್ದರೆ ಕಂಪನಿಯೇ ತಿದ್ದುಪಡಿ ಪಟ್ಟಿ ಕೊಡಬೇಕು, ನಿಮ್ಮ ಕಡೆಯಿಂದ ಸರಿಪಡಿಸಲು ಬರುವುದಿಲ್ಲ. ನಿಮ್ಮಿಂದ ಕಡಿದ ತೆರಿಗೆಯನ್ನು ಮತ್ತೆ ನಿಮ್ಮಿಂದಲೇ ವಸೂಲಿ ಮಾಡುವಂತಿಲ್ಲ ಎಂದು ಕಾನೂನು ಹೇಳುತ್ತದೆ ನಿಜ. ಆದರೆ ಕಂಪ್ಯೂಟರ್ ರೀಫಂಡ್ ಕೊಡುವುದು ಪಟ್ಟಿಯಲ್ಲಿ ಕಂಡದ್ದಕ್ಕೆ ಮಾತ್ರ.

ಮಾರ್ಚ್ ತಿಂಗಳ ಬಿಲ್ಲು ಸ್ವಲ್ಪ ತೊಡಕಿನದು. ಕಂಪನಿ ಮಾರ್ಚ್ 31ಕ್ಕೆ ತನ್ನ ಪುಸ್ತಕದಲ್ಲಿ ನಿಮ್ಮ ಬಿಲ್ ಬರೆದುಕೊಂಡು ಟಿಡಿಎಸ್ ಕಟ್ಟುತ್ತದೆ. ಹಣ ನಿಮಗೆ ಬರುವುದು ಮೇ ತಿಂಗಳಲ್ಲಿ. ನಗದು ಪದ್ಧತಿಯಲ್ಲಿ ಆ ಆದಾಯ ಮುಂದಿನ ವರ್ಷದ್ದು. ಹಾಗಾದಾಗ ಟಿಡಿಎಸ್ಸನ್ನು ಈ ವರ್ಷ ಕೇಳದೆ, ರಿಟರ್ನ್‌ನ ಟಿಡಿಎಸ್ ಪಟ್ಟಿಯಲ್ಲಿ ಮುಂದಿನ ವರ್ಷಕ್ಕೆ ಒಯ್ಯುವ ಅಂಕಣದಲ್ಲಿ ತುಂಬಬೇಕು. ಆದಾಯವನ್ನು ಮುಂದಿನ ವರ್ಷಕ್ಕೆ ಬಿಟ್ಟು ಟಿಡಿಎಸ್ ಮಾತ್ರ ಈ ವರ್ಷ ಕೇಳಿದರೆ ಇಲಾಖೆಯಿಂದ ಪತ್ರ ಬರುವ ಸಂಭವ ಹೆಚ್ಚು.

ಖರ್ಚಿನ ಹಾಳೆ ಯಾರಿಗೆ ಎಷ್ಟು ಮುಖ್ಯ

ಇಲ್ಲಿ ಕಸುಬಿನ ಹೆಸರು ದೊಡ್ಡ ವ್ಯತ್ಯಾಸ ಮಾಡುತ್ತದೆ. ವಕೀಲರು, ವೈದ್ಯರು, ಎಂಜಿನಿಯರ್‌ಗಳು, ವಾಸ್ತುಶಿಲ್ಪಿಗಳು, ಲೆಕ್ಕಪರಿಶೋಧಕರು, ತಾಂತ್ರಿಕ ಸಲಹೆಗಾರರು, ಒಳಾಂಗಣ ವಿನ್ಯಾಸಕಾರರು, ಮಾಹಿತಿ ತಂತ್ರಜ್ಞಾನದವರು, ಸಿನಿಮಾ ಕಲಾವಿದರು ಮುಂತಾಗಿ ಕಾನೂನು ಕೆಲವು ವೃತ್ತಿಗಳನ್ನು ಹೆಸರಿಸಿದೆ. ಸಿನಿಮಾದವರಲ್ಲಿ ಸಂಕಲನಕಾರ, ಗೀತರಚನೆಕಾರ, ಸಂಭಾಷಣೆ ಬರೆಯುವವರೂ ಸೇರುತ್ತಾರೆ. ಇವರ ವಾರ್ಷಿಕ ಗಳಿಕೆ 50 ಲಕ್ಷದೊಳಗಿದ್ದರೆ ಅರ್ಧವನ್ನು ಲಾಭ ಎಂದು ಘೋಷಿಸಿ ಮುಗಿಸಬಹುದು. ಖರ್ಚಿನ ಚೀಟಿ ತೋರಿಸಬೇಕಿಲ್ಲ. ನಗದು ವ್ಯವಹಾರ ಶೇ 5 ಮೀರದಿದ್ದರೆ ಮಿತಿ 75 ಲಕ್ಷ. ಆಡಿಟರುಗಳ ಬಾಯಲ್ಲಿ ಇದು 44ಎಡಿಎ. ಸಾಫ್ಟ್‌ವೇರ್ ಬರೆಯುವ ಫ್ರೀಲ್ಯಾನ್ಸರ್ ಒಬ್ಬರಿಗೆ ಇದೇ 15 ಲಕ್ಷ ಬಂದಿದ್ದರೆ ಆದಾಯ ಏಳೂವರೆ ಲಕ್ಷ, ಹೊಸ ಪದ್ಧತಿಯಲ್ಲಿ ತೆರಿಗೆ ಸೊನ್ನೆ, ಕಡಿದ ಟಿಡಿಎಸ್ ಪೂರ್ತಿ ವಾಪಸ್. ಆದರೆ ರಿಟರ್ನ್ ಸಲ್ಲಿಸಿದರೆ ಮಾತ್ರ.

ಅನುವಾದಕರು ಆ ಪಟ್ಟಿಯಲ್ಲಿ ಇಲ್ಲ. ಲೇಖನ ಬರೆದು ಬದುಕುವವರೂ ಇಲ್ಲ. ವ್ಯಾಪಾರಿಗಳಿಗೆಂದು ಇರುವ ಶೇ 6ರ ಅಂದಾಜು ಲಾಭದ ಯೋಜನೆಯಲ್ಲಿ ಇವರ ರಿಟರ್ನ್ ಹಾಕಿಸುವ ಆಡಿಟರುಗಳಿದ್ದಾರೆ. ಆದರೆ ಗಿರಾಕಿಗಳು 'ವೃತ್ತಿ ಶುಲ್ಕ' ಎಂದು ಬರೆದು ಟಿಡಿಎಸ್ ಕಡಿದ ಹಣವನ್ನು ನಾವು ವ್ಯಾಪಾರ ಎಂದರೆ ಪ್ರಶ್ನೆ ಏಳುವುದು ಸಹಜ. ಆ ದಾರಿ ನಾನಾದರೆ ಹಿಡಿಯೆ. ಹಾಗಾಗಿ ನಮ್ಮ ಅನುವಾದಕಿ ನಿಜವಾದ ಖರ್ಚನ್ನು ಬರೆದು, ಅದನ್ನು ಕಳೆದು ಉಳಿದದ್ದಕ್ಕೆ ತೆರಿಗೆ ಕೊಡುತ್ತಾರೆ. ಬರೆಯದ ಖರ್ಚಿಗೆ ಇಲ್ಲಿ ನೇರವಾಗಿ ದುಡ್ಡು ಹೋಗುತ್ತದೆ.

ಅವರ ಖರ್ಚಿನ ಹಾಳೆಯಲ್ಲಿ ಏನಿದೆ ನೋಡೋಣ. ದೊಡ್ಡ ಪುಸ್ತಕದ ಕರಡು ತಿದ್ದಲು ನೆರವಾದವರಿಗೆ ಕೊಟ್ಟದ್ದು 60,000. ಮನೆ ಬಾಡಿಗೆ ತಿಂಗಳಿಗೆ 12,000. ನಾಲ್ಕು ಕೋಣೆಯಲ್ಲಿ ಒಂದು ಪೂರ್ತಿ ಕೆಲಸಕ್ಕೆ ಮೀಸಲು, ಆದ್ದರಿಂದ ತಿಂಗಳಿಗೆ 3,000ದಂತೆ ವರ್ಷಕ್ಕೆ 36,000. ಸಬ್‌ಟೈಟಲ್ ಸಾಫ್ಟ್‌ವೇರ್, ನಿಘಂಟುಗಳಿಗೆ 22,000. ಹೊರದೇಶದ ಹಣಕ್ಕೆ ಹಿಡಿದ ಶುಲ್ಕ 19,000. ಇಂಟರ್‌ನೆಟ್, ಫೋನಿನಲ್ಲಿ ಕೆಲಸದ ಪಾಲು 15,000. ಬೆಂಗಳೂರಿಗೆ ಓಡಾಡಿದ್ದು 14,000. ಒಟ್ಟು 1,66,000. ಇದರಲ್ಲಿ ಮನೆಯವರ ಒಟಿಟಿ ಚಂದಾ ಇಲ್ಲ, ಹಬ್ಬದ ಸೀರೆ ಇಲ್ಲ. ಮನೆಗೂ ಕೆಲಸಕ್ಕೂ ಹಂಚಿಹೋಗುವ ಖರ್ಚಿನಲ್ಲಿ ಪಾಲು ಎಷ್ಟು ಎಂದು ಒಮ್ಮೆ ಕಾರಣ ಸಹಿತ ಬರೆದಿಟ್ಟುಕೊಂಡು ವರ್ಷವಿಡೀ ಅದನ್ನೇ ಅನುಸರಿಸಿ. ಒಬ್ಬರಿಗೇ ಒಂದೇ ದಿನ 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚನ್ನು ಇಲಾಖೆ ಒಪ್ಪುವುದಿಲ್ಲ. ಕರಡು ತಿದ್ದಿದವರಿಗೆ ಯುಪಿಐಯಲ್ಲೇ ಕಳಿಸುವುದು ಒಳ್ಳೆಯದು.

ನವೆಂಬರ್‌ನಲ್ಲಿ ಅವರು 70,000 ಕೊಟ್ಟು ಲ್ಯಾಪ್‌ಟಾಪ್ ಕೊಂಡರು. ಅದಷ್ಟನ್ನೂ ಆ ವರ್ಷದ ಖರ್ಚೆಂದು ಬರೆಯಲಾಗದು. ಕಂಪ್ಯೂಟರ್‌ಗೆ ಸವಕಳಿ ವರ್ಷಕ್ಕೆ ಶೇ 40, ಮತ್ತು ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರಲ್ಲಿ ಅರ್ಧ. ನವೆಂಬರ್‌ನಿಂದ ಮಾರ್ಚ್ ಎಂದರೆ 180 ದಿನ ಆಗುವುದಿಲ್ಲ. ಹಾಗಾಗಿ ಸಿಗುವುದು ಶೇ 20, ಅಂದರೆ 14,000. ಅದೇ ಲ್ಯಾಪ್‌ಟಾಪನ್ನು ಸೆಪ್ಟೆಂಬರ್‌ನಲ್ಲಿ ಕೊಂಡು ಕೆಲಸ ಶುರುಮಾಡಿದ್ದರೆ 28,000 ಸಿಗುತ್ತಿತ್ತು. ಉಳಿದದ್ದು ಮುಂದಿನ ವರ್ಷಗಳಲ್ಲಿ ಬರುತ್ತದೆ, ನಷ್ಟವೇನಿಲ್ಲ.

ಹೀಗೆ ಕಳೆಯಬಹುದಾದದ್ದು 1,80,000, ತೆರಿಗೆಗೆ ಒಳಪಡುವ ಆದಾಯ 13,20,000. ಬೇರೆ ಆದಾಯ ಇಲ್ಲವೆಂದುಕೊಳ್ಳೋಣ. ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಮುಂದಿನ 4 ಲಕ್ಷಕ್ಕೆ ಶೇ 5ರಂತೆ 20,000. ಅದರ ಮುಂದಿನ 4 ಲಕ್ಷಕ್ಕೆ ಶೇ 10ರಂತೆ 40,000. ಉಳಿದ 1,20,000ಕ್ಕೆ ಶೇ 15ರಂತೆ 18,000. ಒಟ್ಟು 78,000, ಅದರ ಮೇಲೆ ಶೇ 4ರ ಸೆಸ್ ಸೇರಿ 81,120. ಖರ್ಚಿನ ಹಾಳೆಯೇ ಇಲ್ಲದೆ 15 ಲಕ್ಷಕ್ಕೂ ಕಟ್ಟಿದ್ದರೆ 1,09,200 ಆಗುತ್ತಿತ್ತು. ಚೀಟಿ ಕೂಡಿಟ್ಟದ್ದಕ್ಕೆ ಸಿಕ್ಕ ಫಲ 28,080 ರೂಪಾಯಿ. ಅಂದಹಾಗೆ, ಸಂಬಳದಾರರಿಗೆ ಕೊಡುವ 75,000ದ ಪ್ರಮಾಣಿತ ಕಡಿತ ನಮಗೆ ಇಲ್ಲ. ಹಲವರು ಅದನ್ನೂ ಕಳೆದುಕೊಂಡು ಲೆಕ್ಕ ಹಾಕುತ್ತಾರೆ.

ಮುಂಗಡ ತೆರಿಗೆ: ಭಯ ಎಲ್ಲಿ, ಅಪಾಯ ಎಲ್ಲಿ

81,120ರಲ್ಲಿ ಟಿಡಿಎಸ್ 40,000 ಕಳೆದರೆ 41,120 ಉಳಿಯಿತು. ಟಿಡಿಎಸ್ ಕಳೆದ ಮೇಲೂ 10,000 ಅಥವಾ ಹೆಚ್ಚು ತೆರಿಗೆ ಉಳಿಯುವುದಾದರೆ ಅದನ್ನು ವರ್ಷದ ಒಳಗೇ ಕಂತಿನಲ್ಲಿ ಕಟ್ಟಬೇಕು: ಜೂನ್ 15ರೊಳಗೆ ಶೇ 15, ಸೆಪ್ಟೆಂಬರ್ 15ರೊಳಗೆ ಒಟ್ಟು ಶೇ 45, ಡಿಸೆಂಬರ್ 15ರೊಳಗೆ ಶೇ 75, ಮಾರ್ಚ್ 15ರೊಳಗೆ ಪೂರ್ತಿ. 44ಎಡಿಎಯವರಿಗೆ ಮಾರ್ಚ್ 15 ಒಂದೇ ಕಂತು.

ಏರುಪೇರಿನ ದುಡಿಮೆಯವರು ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ. ಮೇ ತಿಂಗಳಲ್ಲಿ ಒಂದು ರೂಪಾಯಿಯೂ ಬಂದಿಲ್ಲ, ಜೂನ್‌ನಲ್ಲಿ ಏನೆಂದು ಕಟ್ಟಲಿ? ಕಾನೂನು ಕೇಳುವುದು ಆ ಮೂರು ತಿಂಗಳ ಗಳಿಕೆಯನ್ನಲ್ಲ, ಇಡೀ ವರ್ಷದ ಅಂದಾಜನ್ನು. ಜನವರಿಯಲ್ಲಿ ಹಠಾತ್ತನೆ ದೊಡ್ಡ ಕೆಲಸ ಬಂತೆಂದರೂ ಜೂನ್‌ನ ಕೊರತೆಗೆ ಬಡ್ಡಿ ಬೀಳುತ್ತದೆ. ವೃತ್ತಿಯ ಆದಾಯ ಮೊದಲ ಸಲ ಶುರುವಾದ ವರ್ಷಕ್ಕೆ ಮಾತ್ರ ಇದರಲ್ಲಿ ರಿಯಾಯಿತಿ ಇದೆ.

ಹಾಗಾದರೆ ಬಡ್ಡಿ ಎಷ್ಟು? ನಮ್ಮ ಅನುವಾದಕಿ ಮೊದಲ ಮೂರು ಕಂತು ಕಟ್ಟದೆ ಮಾರ್ಚ್ 15ಕ್ಕೆ 41,120 ಪೂರ್ತಿ ಕಟ್ಟಿದರೆ ಬೀಳುವುದು ಸುಮಾರು 1,660 ರೂಪಾಯಿ. ಮಾರ್ಚ್‌ನಲ್ಲೂ ಬಿಟ್ಟು, ಜುಲೈನಲ್ಲಿ ರಿಟರ್ನ್ ಸಲ್ಲಿಸುವಾಗ ಕಟ್ಟಿದರೆ ಒಟ್ಟು ಸುಮಾರು 3,700. ತಿಂಗಳಿಗೆ ಶೇ 1ರ ಲೆಕ್ಕ, ಪ್ರಾಣ ಹೋಗುವಂಥದ್ದಲ್ಲ. ನಿಜವಾದ ಅಪಾಯ ಬೇರೆ: ಮಾರ್ಚ್ ಬರುವಷ್ಟರಲ್ಲಿ ಆ 41,120 ಅಕ್ಟೋಬರ್‌ನ ಫ್ರಿಜ್ಜಿಗೋ ಡಿಸೆಂಬರ್‌ನ ಮನೆ ಸಾಮಾನಿಗೋ ಹೋಗಿರುತ್ತದೆ.

ಅದಕ್ಕೆ ಉಪಾಯ ಸರಳ. ಟಿಡಿಎಸ್ ಕಡಿಯದೆ ಬಂದ ಪ್ರತಿ ಹಣದಿಂದ ನೀವೇ ಶೇ 10 ಕಡಿಯಿರಿ. ಬಂದ ದಿನವೇ ಅದನ್ನು ಇನ್ನೊಂದು ಉಳಿತಾಯ ಖಾತೆಗೆ ಹಾಕಿ; ಆ ಖಾತೆಗೆ ಯುಪಿಐ ಜೋಡಿಸಬೇಡಿ. ಟಿಡಿಎಸ್ ಕಡಿದು ಬಂದದ್ದನ್ನು ಮುಟ್ಟಬೇಕಿಲ್ಲ, ಅದರ ಪಾಲು ಆಗಲೇ ಹೋಗಿದೆ. ನಮ್ಮ ಅನುವಾದಕಿಯ 11 ಲಕ್ಷದಲ್ಲಿ ಹೀಗೆ 1,10,000 ಕೂಡುತ್ತದೆ. ಬೇಕಾದದ್ದು 41,120, ಮಿಕ್ಕದ್ದು ಏಪ್ರಿಲ್ ಒಂದಕ್ಕೆ ನಿಮ್ಮದೇ. ಖರ್ಚು ಕಳೆದ ಆದಾಯ 20 ಲಕ್ಷದ ಹತ್ತಿರ ಹೋಗುವವರೆಗೂ ಈ ಶೇ 10 ಹೆಚ್ಚುಕಡಿಮೆ ಸಾಲುತ್ತದೆ. ಅದರ ಮೇಲಿನವರು ಪ್ರಮಾಣ ಏರಿಸಿಕೊಳ್ಳಬೇಕು.

ಕಂತಿನ ಅಂದಾಜಿಗೆ ಹೋದ ವರ್ಷದ ಲೆಕ್ಕವೇ ಆಧಾರ. ಹೋದ ವರ್ಷ ಟಿಡಿಎಸ್ ಕಳೆದು 30,000 ಕಟ್ಟಿದ್ದರು ಎಂದುಕೊಳ್ಳಿ. ಅದರಂತೆ ಜೂನ್‌ನಲ್ಲಿ 4,500, ಸೆಪ್ಟೆಂಬರ್‌ನಲ್ಲಿ 9,000 ಕಟ್ಟಿದರು, ಒಟ್ಟು 13,500. ಡಿಸೆಂಬರ್‌ನಲ್ಲಿ ಪುಸ್ತಕ ತೆರೆದು ನೋಡಿದರೆ ಬಂದಿರುವುದು ಸುಮಾರು 8,40,000, ಜನವರಿಯಿಂದ ಖಾತ್ರಿ ಇರುವುದು 5 ಲಕ್ಷ ಚಿಲ್ಲರೆ. 13,50,000 ಎಂದು ಹಿಡಿದು ಖರ್ಚು ಕಳೆದರೆ 11,70,000. ಆದಾಯ 12 ಲಕ್ಷ ಮೀರದಿದ್ದರೆ ಹೊಸ ಪದ್ಧತಿಯಲ್ಲಿ ತೆರಿಗೆಯೇ ಇಲ್ಲ! ಹಾಗೆಂದು ಡಿಸೆಂಬರ್‌ನ ಕಂತು ಬಿಟ್ಟರು. ಆ ದಿನದ ಮಟ್ಟಿಗೆ ಅದು ತಪ್ಪಲ್ಲ. ಮಾರ್ಚ್ 15ಕ್ಕೆ ಮತ್ತೆ ಕೂಡಿದಾಗ 13,60,000 ಬಂದಾಗಿತ್ತು, 28ನೇ ತಾರೀಕಿಗೆ 1,40,000 ಬರುವುದಿತ್ತು. ಉಳಿದ 27,620ನ್ನು ಅವತ್ತು ಕಟ್ಟಿದರು. ಮೂರೂ ಕೊರತೆಗಳಿಗೆ ಸೇರಿ ಬಿದ್ದ ಬಡ್ಡಿ ಸುಮಾರು 720 ರೂಪಾಯಿ.

12 ಲಕ್ಷದ ಗೆರೆಯ ಆಸುಪಾಸಿನಲ್ಲಿ ಇರುವವರು ಇನ್ನೊಂದನ್ನು ಗಮನಿಸಬೇಕು. ಗೆರೆ ಸ್ವಲ್ಪವೇ ದಾಟಿದರೆ ಪೂರ್ತಿ ತೆರಿಗೆ ಬೀಳುವುದಿಲ್ಲ, ದಾಟಿದಷ್ಟಕ್ಕೆ ಸೀಮಿತವಾಗುತ್ತದೆ: 12,20,000 ಆದಾಯಕ್ಕೆ ಸೆಸ್ ಬಿಟ್ಟರೆ ತೆರಿಗೆ 20,000. ಈ ರಿಯಾಯಿತಿ ಸುಮಾರು 12,70,000ದವರೆಗೆ ನಡೆಯುತ್ತದೆ. ಆ ವ್ಯಾಪ್ತಿಯೊಳಗೆ ಇದ್ದಾಗ ಬರೆಯಲು ಮರೆತ ಸಾವಿರ ರೂಪಾಯಿ ಖರ್ಚಿಗೆ ಸಾವಿರ ರೂಪಾಯಿಯೂ ತೆರಿಗೆಯಾಗಿ ಹೋಗುತ್ತದೆ. ಇನ್ನೂ ಸೋಜಿಗದ ವಿಷಯವೆಂದರೆ, ಮಾರ್ಚ್ 28ರ ಆ 1,40,000 ಏಪ್ರಿಲ್ 3ಕ್ಕೆ ಬಂದಿದ್ದರೆ ಆದಾಯ 11,80,000ಕ್ಕೆ ಇಳಿದು ಈ ವರ್ಷದ ತೆರಿಗೆ ಸೊನ್ನೆಯಾಗುತ್ತಿತ್ತು, ಕಟ್ಟಿದ್ದೆಲ್ಲ ವಾಪಸ್ ಬರುತ್ತಿತ್ತು. ಗಿರಾಕಿ ತಾನಾಗಿ ತಡ ಮಾಡಿದರೆ ಅದು ನಗದು ಪದ್ಧತಿಯ ಸಹಜ ಫಲ. ಮಾರ್ಚ್‌ನಲ್ಲಿ ಕೈಗೆ ಬಂದ ಚೆಕ್ಕನ್ನು ಮೇಜಿನ ಖಾನೆಯಲ್ಲಿಟ್ಟು ಏಪ್ರಿಲ್‌ನಲ್ಲಿ ಬ್ಯಾಂಕಿಗೆ ಹಾಕುವುದು ಹಾಗಲ್ಲ, ಅದು ಮಾರ್ಚ್‌ನ ಆದಾಯವೇ. ಮಾರ್ಚ್ 15 ದಾಟಿದ ಮೇಲೆ ನಿರೀಕ್ಷಿಸದ ಹಣ ಬಂದರೆ ಅದರ ತೆರಿಗೆಯನ್ನು 31ರೊಳಗೆ e-Pay Tax ಮೂಲಕ ಕಟ್ಟಿಬಿಡಿ. ಅದೂ ಮುಂಗಡ ತೆರಿಗೆಯೆಂದೇ ಗಣನೆಗೆ ಬರುತ್ತದೆ, ಏಪ್ರಿಲ್‌ನಿಂದ ಓಡುವ ಬಡ್ಡಿ ತಪ್ಪುತ್ತದೆ. ಕಟ್ಟುವಾಗ ಮುಂಗಡ ತೆರಿಗೆಯ ಸಂಖ್ಯೆ 100 ಆಯ್ದುಕೊಂಡಿದ್ದೀರಾ ಎಂದು ನೋಡಿಕೊಳ್ಳಿ. 300 ಎಂದರೆ ವರ್ಷ ಮುಗಿದ ಮೇಲೆ ಕಟ್ಟುವ ಸ್ವಯಂ ನಿರ್ಧಾರದ ತೆರಿಗೆ.

ಮನೆಗೆ ಕೊಡುವ ಸಂಬಳ

ಎಲ್ಲ ಕಳೆದು ನಮ್ಮ ಅನುವಾದಕಿಗೆ ವರ್ಷಕ್ಕೆ ಉಳಿಯುವುದು 11,80,000ದ ಆಸುಪಾಸು. ತಿಂಗಳಿಗೆ 98,000 ಎಂದು ಮನೆಖರ್ಚು ಗೊತ್ತುಮಾಡಿದರೆ ಜೂನ್ ಹೊತ್ತಿಗೆ ಸಾಲ ಮಾಡಬೇಕಾಗುತ್ತದೆ. ಸರಾಸರಿಯನ್ನು ನಂಬಬೇಡಿ. ಹಿಂದಿನ ಎರಡು ವರ್ಷಗಳಲ್ಲಿ ಒಂದರ ಹಿಂದೊಂದು ಬಂದ ಮೂರು ಅತಿ ಬಡ ತಿಂಗಳುಗಳನ್ನು ಹುಡುಕಿ. ಇವರಿಗೆ ಅದು ಏಪ್ರಿಲ್‌ನಿಂದ ಜೂನ್: ಬಂದದ್ದು 1,10,000. ಮನೆಗೆ ತಿಂಗಳಿಗೆ 60,000ದಂತೆ 1,80,000, ಕೆಲಸದ ಖರ್ಚಿಗೆ 30,000, ಒಟ್ಟು 2,10,000 ಬೇಕು. ತೆರಿಗೆಗೆ ಹೋಗುವ ಪಾಲನ್ನು ಹಿಡಿಯದಿದ್ದರೂ ಕೊರತೆ 1 ಲಕ್ಷ. ಅಂದರೆ ಏಪ್ರಿಲ್ ಒಂದನೇ ತಾರೀಕಿಗೆ ಕೆಲಸದ ಖಾತೆಯಲ್ಲಿ, ತೆರಿಗೆಯ ಖಾತೆ ಬಿಟ್ಟು, ಕನಿಷ್ಠ 1 ಲಕ್ಷ ಇರಲೇಬೇಕು. ಅಷ್ಟಿಲ್ಲದಿದ್ದರೆ 60,000ದ ಸಂಬಳವನ್ನೇ ಇಳಿಸಬೇಕು.

ಗಿರಾಕಿಗಳ ಹಣವೆಲ್ಲ ಕೆಲಸದ ಖಾತೆಗೆ ಬರಲಿ. ಅಲ್ಲಿಂದ ತಿಂಗಳ ಒಂದನೇ ತಾರೀಕು ಗೊತ್ತಾದ ಮೊತ್ತ ಮನೆಯ ಖಾತೆಗೆ ಹೋಗಲಿ. ಅಕ್ಟೋಬರ್‌ನಲ್ಲಿ 2,60,000 ಬಂದಾಗಲೂ ಮನೆಗೆ ಹೋಗುವುದು ಅದೇ 60,000. ಹೆಚ್ಚಿಸಬೇಕೆನಿಸಿದರೆ ಏಪ್ರಿಲ್‌ನಲ್ಲಿ, ಹೋದ ವರ್ಷದ ಪುಸ್ತಕ ಮುಂದಿಟ್ಟುಕೊಂಡು. ಈ ಬೇರೆ ಖಾತೆಯಿಂದ ಇನ್ನೊಂದು ಅನುಕೂಲವಿದೆ: ವರ್ಷದ ಕೊನೆಗೆ ಆಡಿಟರ್ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದಾಗ ತರಕಾರಿ ಅಂಗಡಿಯ ಯುಪಿಐ ಸಾಲುಗಳ ನಡುವೆ ಗಿರಾಕಿಯ ಹಣ ಹುಡುಕಬೇಕಾಗುವುದಿಲ್ಲ.

ಇನ್ನೆರಡು ಗೆರೆ

ಜಿಎಸ್‌ಟಿ ನೋಂದಣಿ ಬೇಕಾಗುವುದು ಸೇವೆಯ ಒಟ್ಟು ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದಾಗ. ಹೊರ ರಾಜ್ಯದ ಗಿರಾಕಿ ಇದ್ದರೂ ಸೇವೆಗೆ ಈ ಮಿತಿಯೇ. ಹೊರದೇಶದಿಂದ ಬಂದದ್ದಕ್ಕೆ ತೆರಿಗೆ ಬೀಳದಿದ್ದರೂ 20 ಲಕ್ಷದ ಎಣಿಕೆಯಲ್ಲಿ ಅದು ಸೇರುತ್ತದೆ, ಎಡವುವುದು ಇಲ್ಲೇ. ಬಿಲ್ ಹಾಳೆಯ D ಅಂಕಣದ ಮೊತ್ತ 17–18 ಲಕ್ಷ ಮುಟ್ಟಿದಾಗಲೇ ಆಡಿಟರ್ ಹತ್ತಿರ ಹೋಗಿ. ದಾಟಿದ ಮೇಲೆ ನೋಂದಣಿಗೆ 30 ದಿನವಷ್ಟೇ ಇರುತ್ತದೆ. ಕರ್ನಾಟಕದ ವೃತ್ತಿ ತೆರಿಗೆ ವರ್ಷಕ್ಕೆ 2,500 ರೂಪಾಯಿ. ಸಂಬಳದಾರರಿಗೆ ಕಂಪನಿ ಹಿಡಿಯುತ್ತದೆ, ಸ್ವಂತ ಕಸುಬಿನವರು ತಾವೇ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಹೆಸರು ದಾಖಲಿಸಿ ಕಟ್ಟಬೇಕು. ಹೊಸದಾಗಿ ಕೆಲಸ ಬಿಟ್ಟು ಬಂದವರ ನೆನಪಿಗೆ ಇದು ಬರುವುದೇ ಇಲ್ಲ.

2026ರ ಏಪ್ರಿಲ್ 1ರಿಂದ ಆದಾಯ ತೆರಿಗೆಯ ಹೊಸ ಕಾಯ್ದೆ ಜಾರಿಗೆ ಬಂದಿದೆ. ಅಲ್ಲಿಂದಾಚೆಯ ಗಳಿಕೆಗೆ ಸೆಕ್ಷನ್ ಸಂಖ್ಯೆಗಳು ಬೇರೆ, 'ಹಿಂದಿನ ವರ್ಷ', 'ನಿರ್ಧಾರಣಾ ವರ್ಷ' ಎಂಬ ಜೋಡಿಯ ಬದಲು 'ತೆರಿಗೆ ವರ್ಷ' ಒಂದೇ. ಆದರೆ 2025–26ರ ಗಳಿಕೆಯ ರಿಟರ್ನ್ ಹಳೆಯ ಕಾಯ್ದೆಯ ಪ್ರಕಾರವೇ. ನಿಜ ಖರ್ಚು ತೋರಿಸುವ ನಮ್ಮ ಅನುವಾದಕಿಯ ನಮೂನೆ ಐಟಿಆರ್-3. ಅದನ್ನು ಏಪ್ರಿಲ್‌ನಲ್ಲೇ ಸಲ್ಲಿಸಿ ಮುಗಿಸುವ ಆತುರ ಬೇಡ. ಮಾರ್ಚ್ ಕೊನೆಗೆ ಬಂದ ಹಣದ ಟಿಡಿಎಸ್ ಪಟ್ಟಿಗೆ ಗಿರಾಕಿಗಳಿಗೆ ಮೇ 31ರವರೆಗೆ ಸಮಯವಿದೆ. ಜೂನ್ ಮಧ್ಯದಲ್ಲಿ 26ಎಎಸ್ ಇಳಿಸಿಕೊಂಡು, ಅಲ್ಲಿ 40,000 ಟಿಡಿಎಸ್, 41,120 ಮುಂಗಡ ತೆರಿಗೆ ಎರಡೂ ಪುಸ್ತಕದಲ್ಲಿ ಇರುವಂತೆಯೇ ಕಂಡ ಮೇಲೆ ನಮೂನೆ ತುಂಬಲು ಕೂರಬಹುದು.